ನಲವತ್ತೆರಡರಲ್ಲಿ ವೃತ್ತಿ ಬದಲಾವಣೆ: ಮೂರು ದಾರಿ, ಮೂರು ಲೆಕ್ಕ

ನಲವತ್ತು ದಾಟಿದವರು ವೃತ್ತಿ ಬದಲಿಸಲು ಯೋಚಿಸುವಾಗ ಸಾಮಾನ್ಯವಾಗಿ ಎರಡೇ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಒಂದು ಈಗಿನ ಸಂಬಳ, ಇನ್ನೊಂದು ಹೊಸ ಕೆಲಸದಲ್ಲಿ ಸಿಗಬಹುದಾದ ಮೊದಲ ಸಂಬಳ. ಆದರೆ ಮನೆಯನ್ನು ಕಷ್ಟಕ್ಕೆ ನೂಕುವುದು ಇವೆರಡರ ನಡುವಿನ ವ್ಯತ್ಯಾಸವಲ್ಲ. ಹಳೆಯ ಸಂಬಳ ನಿಂತ ದಿನದಿಂದ ಹೊಸ ಸಂಬಳ ಅದೇ ಮಟ್ಟಕ್ಕೆ ಏರುವ ದಿನದವರೆಗೆ ಒಟ್ಟು ಎಷ್ಟು ಹಣ ಕಡಿಮೆ ಬಂತು ಎಂಬುದೇ ನಿಜವಾದ ಲೆಕ್ಕ. ಇದನ್ನು ಆದಾಯದ ಹಳ್ಳ ಎಂದು ಕರೆಯೋಣ. ಹಳ್ಳ ಎಷ್ಟು ಆಳ, ಎಷ್ಟು ಅಗಲ ಎಂಬುದನ್ನು ತೀರ್ಮಾನಿಸುವುದು ನೀವು ಯಾವ ಕ್ಷೇತ್ರಕ್ಕೆ ಹೋಗುತ್ತೀರಿ ಎಂಬುದಕ್ಕಿಂತ ಹೆಚ್ಚಾಗಿ ಯಾವ ದಾರಿಯಲ್ಲಿ ಹೋಗುತ್ತೀರಿ ಎಂಬುದು.

ದಾರಿಗಳು ಮುಖ್ಯವಾಗಿ ಮೂರು. ಕೆಲಸ ಬಿಟ್ಟು ಪೂರ್ಣಾವಧಿ ಓದಿ ಹೊಸ ಕ್ಷೇತ್ರಕ್ಕೆ ಹೋಗುವುದು ಮೊದಲನೆಯದು. ಈಗಿನ ಕೆಲಸದಲ್ಲಿದ್ದುಕೊಂಡೇ ಸಂಜೆ, ವಾರಾಂತ್ಯಗಳಲ್ಲಿ ಕಲಿತು, ಆಮೇಲೆ ಜಿಗಿಯುವುದು ಎರಡನೆಯದು. ಈಗಿರುವ ಉದ್ಯಮದಲ್ಲೇ ಬೇರೆ ವಿಭಾಗಕ್ಕೆ ಮೊದಲು ಸರಿದು, ಅಲ್ಲಿ ಒಂದೆರಡು ವರ್ಷ ಕೆಲಸ ಮಾಡಿ, ನಂತರ ಬೇಕಾದ ಕಡೆಗೆ ಹೋಗುವುದು ಮೂರನೆಯದು. ಈ ಮೂರನೆಯದನ್ನು ಪಕ್ಕದ ಹೆಜ್ಜೆ ಎನ್ನೋಣ.

ಒಂದು ಮನೆಯ ಲೆಕ್ಕ

ಉದಾಹರಣೆಗೆ ಒಬ್ಬರನ್ನು ತೆಗೆದುಕೊಳ್ಳೋಣ. ವಯಸ್ಸು 42. ಹದಿನೆಂಟು ವರ್ಷಗಳಿಂದ ಕಾರ್ಖಾನೆಯ ಉತ್ಪಾದನಾ ವಿಭಾಗದಲ್ಲಿ ಕೆಲಸ, ಈಗ ಶಿಫ್ಟ್ ಮೇಲ್ವಿಚಾರಕ. ಡೇಟಾ ವಿಶ್ಲೇಷಣೆಯ ಕೆಲಸಕ್ಕೆ ಹೋಗಬೇಕೆಂಬ ಆಸೆ. ಹೆಂಡತಿಯೂ ದುಡಿಯುತ್ತಾರೆ. 14 ಮತ್ತು 9 ವರ್ಷದ ಇಬ್ಬರು ಮಕ್ಕಳು, ಮನೆಸಾಲ, ಜೊತೆಯಲ್ಲೇ ಇರುವ ವಯಸ್ಸಾದ ತಾಯಿ.

ಯಾವ ದೇಶದ ಹಣಕ್ಕಾದರೂ ಹೊಂದುವಂತೆ, ಇವರ ಕೈಗೆ ಬರುವ ತಿಂಗಳ ಸಂಬಳವನ್ನು 100 ಪಾಲು ಎಂದಿಟ್ಟುಕೊಳ್ಳೋಣ. ಹೆಂಡತಿಯ ಸಂಬಳ 40 ಪಾಲು. ಒಟ್ಟು 140ರಲ್ಲಿ 85 ಪಾಲು ತಪ್ಪಿಸಲಾಗದ ಖರ್ಚು: ಸಾಲದ ಕಂತು, ಶಾಲೆಯ ಶುಲ್ಕ, ದಿನಸಿ, ಔಷಧಿ, ವಿಮೆ. 35 ಪಾಲು ಬೇಕಾದರೆ ಕಡಿಮೆ ಮಾಡಬಹುದಾದ ಖರ್ಚು. ಉಳಿದ 20 ಪಾಲು ಉಳಿತಾಯ. ಬೇಕೆಂದಾಗ ತೆಗೆಯಬಹುದಾದ ಹಣ ಸದ್ಯಕ್ಕೆ 900 ಪಾಲು, ಅಂದರೆ ಒಂಬತ್ತು ತಿಂಗಳ ಸಂಬಳದಷ್ಟಿದೆ.

ನಿಮ್ಮ ಮನೆಯ ಅಂಕಿಗಳು ಬೇರೆ ಇರುತ್ತವೆ. ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಖಾತೆ ವಿವರ ಮುಂದಿಟ್ಟುಕೊಂಡು ಇದೇ ರೀತಿ ವಿಂಗಡಿಸಿ. ನೆನಪಿನಿಂದ ಬರೆದರೆ ವರ್ಷಕ್ಕೊಮ್ಮೆ ಬರುವ ವಿಮೆ ಕಂತು, ವಾಹನದ ರಿಪೇರಿ, ಮದುವೆ ಮುಂಜಿಗಳ ಖರ್ಚು ಬಿಟ್ಟುಹೋಗುತ್ತದೆ. ಲೆಕ್ಕ ತಪ್ಪುವುದು ಬಹುತೇಕ ಇಲ್ಲಿಯೇ.

ದಾರಿ ಒಂದು: ಬಿಟ್ಟು ಓದುವುದು

ಓದಿಗೆ 12 ತಿಂಗಳು. ಓದು ಮುಗಿದ ಮೇಲೆ ಕೆಲಸ ಹುಡುಕಲು 5 ತಿಂಗಳು. ಶುಲ್ಕ 300 ಪಾಲು. ಹೊಸ ಕೆಲಸದಲ್ಲಿ ಮೊದಲ ವರ್ಷ ತಿಂಗಳಿಗೆ 65, ಎರಡನೆಯ ವರ್ಷ 75, ಮೂರನೆಯದರಲ್ಲಿ 85, ನಾಲ್ಕನೆಯದರಲ್ಲಿ 95, ಆಮೇಲೆ 100 ಎಂದು ಹಿಡಿಯೋಣ.

ಸಂಬಳವಿಲ್ಲದ 17 ತಿಂಗಳಿಗೆ 1700 ಪಾಲು ಹೋಯಿತು. ಶುಲ್ಕ ಸೇರಿ 2000. ಮುಂದಿನ ನಾಲ್ಕು ವರ್ಷಗಳ ಕೊರತೆ ಕ್ರಮವಾಗಿ 420, 300, 180, 60, ಒಟ್ಟು 960. ಹಳ್ಳದ ಗಾತ್ರ 2960 ಪಾಲು. ಹತ್ತಿರ ಹತ್ತಿರ ಮೂವತ್ತು ತಿಂಗಳ ಸಂಬಳ.

ಇಷ್ಟೂ ಹಣ ಕೈಯಲ್ಲಿ ಇರಬೇಕೆಂದಲ್ಲ. ಕೈಯಲ್ಲಿ ಇರಲೇಬೇಕಾದ್ದು ಬೇರೆ ಲೆಕ್ಕ. ತಪ್ಪಿಸಲಾಗದ 85ರಲ್ಲಿ ಹೆಂಡತಿಯ 40 ಕಳೆದರೆ ತಿಂಗಳಿಗೆ 45 ಪಾಲು ಉಳಿತಾಯದಿಂದ ತೆಗೆಯಬೇಕು. 17 ತಿಂಗಳಿಗೆ 765, ಶುಲ್ಕ 300, ಒಟ್ಟು 1065. ಕೆಲಸ ಹುಡುಕುವುದು ಇನ್ನೂ ಆರು ತಿಂಗಳು ತಡವಾದರೆ ಬೇಕಾಗುವ 270 ಸೇರಿಸಿದರೆ 1335. ಇವರ ಬಳಿ ಇರುವುದು 900. ಇನ್ನೂ 435 ಪಾಲು ಬೇಕು. ಖರ್ಚು ಬಿಗಿಹಿಡಿದು ತಿಂಗಳಿಗೆ 35 ಉಳಿಸಿದರೂ ಅದಕ್ಕೆ ಹದಿಮೂರು ತಿಂಗಳು. ಅಂದರೆ ಈ ದಾರಿ ಇವರ ಪಾಲಿಗೆ ಇವತ್ತು ತೆರೆದೇ ಇಲ್ಲ. ಮುಂದಿನ ವರ್ಷ ತೆರೆಯುತ್ತದೆ.

ಈ ದಾರಿಯಲ್ಲಿ ಎಡವುವವರು ಹೆಚ್ಚಾಗಿ ಓದಿನ ಹನ್ನೆರಡು ತಿಂಗಳನ್ನು ಲೆಕ್ಕ ಹಾಕಿ, ಹುಡುಕಾಟದ ತಿಂಗಳುಗಳನ್ನು ಬಿಟ್ಟಿರುತ್ತಾರೆ. ಹಣ ಮುಗಿಯುತ್ತಾ ಬಂದಾಗ ಮೊದಲು ಸಿಕ್ಕ ಕೆಲಸ ಒಪ್ಪಿಕೊಳ್ಳಬೇಕಾಗುತ್ತದೆ. ಆ ಕೆಲಸ ಎಷ್ಟೋ ಸಲ ಹಳೆಯ ಕ್ಷೇತ್ರದ್ದೇ ಆಗಿರುತ್ತದೆ, ಸಂಬಳ ಮಾತ್ರ ಮೊದಲಿಗಿಂತ ಕಡಿಮೆ. ಹುಡುಕಾಟಕ್ಕೆ ಎಷ್ಟು ತಿಂಗಳು ಹಿಡಿಯಬೇಕು ಎಂಬುದನ್ನು ತರಬೇತಿ ಸಂಸ್ಥೆಯ ಜಾಹೀರಾತಿನಿಂದ ತಿಳಿಯಲಾಗದು. ಕಳೆದ ಎರಡು ಮೂರು ವರ್ಷಗಳಲ್ಲಿ ನಲವತ್ತರ ಆಸುಪಾಸಿನಲ್ಲಿ ಆ ಕ್ಷೇತ್ರಕ್ಕೆ ಬಂದ ಎಂಟು ಹತ್ತು ಮಂದಿಯನ್ನು ಕೇಳಿ. "ಈ ಕ್ಷೇತ್ರ ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಮೊದಲ ಅರ್ಜಿ ಹಾಕಿದ ತಿಂಗಳು ಯಾವುದು, ಕೆಲಸಕ್ಕೆ ಸೇರಿದ ತಿಂಗಳು ಯಾವುದು, ಹಳೆಯ ಸಂಬಳದ ಎಷ್ಟನೇ ಭಾಗಕ್ಕೆ ಒಪ್ಪಿಕೊಂಡಿರಿ, ಕಳೆದ ಮಂಗಳವಾರ ಕಚೇರಿಯಲ್ಲಿ ಏನು ಮಾಡಿದಿರಿ ಎಂದು ಕೇಳಿ. ಬಂದ ಉತ್ತರಗಳಲ್ಲಿ ನಡುವಿನದನ್ನಲ್ಲ, ಅದಕ್ಕಿಂತ ತುಸು ಹೆಚ್ಚಿನದನ್ನು ಹಿಡಿಯಿರಿ.

ನಿವೃತ್ತಿಯ ಹಣದ ವಿಷಯ ಇಲ್ಲಿಯೇ ಹೇಳಬೇಕು. ಬೆಲೆ ಏರಿಕೆ ಕಳೆದು ವರ್ಷಕ್ಕೆ ನೂರಕ್ಕೆ 4ರಂತೆ ಬೆಳೆಯುವ ಹಣ ಸುಮಾರು 18 ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. 72ನ್ನು ಬೆಳವಣಿಗೆಯ ದರದಿಂದ ಭಾಗಿಸಿದರೆ ಈ ಅಂದಾಜು ಸಿಗುತ್ತದೆ. 42ನೇ ವಯಸ್ಸಿನಲ್ಲಿ ಬಿಟ್ಟ ಒಂದು ಪಾಲು 60ಕ್ಕೆ ಎರಡು ಪಾಲು. ಮೊದಲ ದಾರಿಯಲ್ಲಿ ಓದಿನ ಕಾಲ, ಹುಡುಕಾಟ, ಹೊಸ ಕೆಲಸದ ಮೊದಲ ಎರಡು ವರ್ಷ ಸೇರಿ 41 ತಿಂಗಳು ಉಳಿತಾಯ ನಿಲ್ಲುತ್ತದೆ. ತಿಂಗಳಿಗೆ 20ರಂತೆ 820 ಪಾಲು, ನಿವೃತ್ತಿಯ ಹೊತ್ತಿಗೆ ಹೆಚ್ಚುಕಡಿಮೆ 1600. ಇಪ್ಪತ್ತೈದರ ಹರೆಯದವರಿಗೂ ನಿಮಗೂ ಇರುವ ವ್ಯತ್ಯಾಸ ಇದು: ಅವರಿಗೆ ತುಂಬಿಕೊಳ್ಳಲು ವರ್ಷಗಳು ಇನ್ನೂ ಬಹಳ ಇವೆ.

ಹಾಗಾದರೆ ಈ ದಾರಿ ಯಾರಿಗೆ? ಶುಶ್ರೂಷೆ, ವಕೀಲಿಕೆ, ಶಾಲಾ ಶಿಕ್ಷಣ ಮುಂತಾದ ಕೆಲಸಗಳಿಗೆ ಹಲವೆಡೆ ಪದವಿಯೋ ಪರವಾನಗಿಯೋ ಕಡ್ಡಾಯ. ಪ್ರಾಯೋಗಿಕ ತರಬೇತಿಯನ್ನು ಸಂಜೆ ಹೊತ್ತು ಮುಗಿಸಲು ಬರುವುದಿಲ್ಲ. ಅಂಥಲ್ಲಿ ಬೇರೆ ದಾರಿಯಿಲ್ಲ. ಈಗಿನ ಕೆಲಸ ಆರೋಗ್ಯವನ್ನೇ ತಿನ್ನುತ್ತಿದ್ದರೆ ಅಥವಾ ವಿಭಾಗವೇ ಮುಚ್ಚುತ್ತಿದ್ದರೆ ಲೆಕ್ಕ ಬೇರೆಯಾಗುತ್ತದೆ, ಏಕೆಂದರೆ ಆಗ 100 ಪಾಲಿನ ಸಂಬಳ ಮುಂದುವರಿಯುತ್ತದೆ ಎಂದು ಹಿಡಿಯುವಂತಿಲ್ಲ.

ದಾರಿ ಎರಡು: ಇದ್ದುಕೊಂಡೇ ಕಲಿಯುವುದು

24 ತಿಂಗಳು, ವಾರಕ್ಕೆ 8 ಗಂಟೆ, ಶುಲ್ಕ 150 ಪಾಲು. ಕೆಲಸ ಬದಲಿಸುವಾಗ ಒಂದು ತಿಂಗಳ ಅಂತರ. ಮಾಡಿ ತೋರಿಸಲು ಏನಾದರೂ ಇರುವುದರಿಂದ ಮೊದಲ ಸಂಬಳ 75, ಆಮೇಲೆ 85, 95, 100. ಕೊರತೆ: ಶುಲ್ಕ 150, ಅಂತರದ ತಿಂಗಳು 100, ಮೂರು ವರ್ಷಗಳ ಕೊರತೆ 540. ಒಟ್ಟು 790 ಪಾಲು. ಮೊದಲ ದಾರಿಯ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು.

ಇಲ್ಲೊಂದು ವಿಷಯ ಗಮನಿಸಿ. ಇಬ್ಬರು ಇವತ್ತೇ ಹೊರಟರು ಎಂದುಕೊಳ್ಳಿ, ಒಬ್ಬರು ಮೊದಲ ದಾರಿಯಲ್ಲಿ, ಇನ್ನೊಬ್ಬರು ಎರಡನೆಯದರಲ್ಲಿ. 48ನೇ ತಿಂಗಳಲ್ಲಿ ಇಬ್ಬರ ಸಂಬಳವೂ 85. ನಾಲ್ಕು ವರ್ಷದ ಹೊತ್ತಿಗೆ ವೇಗದ ದಾರಿಯವರು ಮುಂದೆ ಇರುವುದಿಲ್ಲ. ವ್ಯತ್ಯಾಸ ಇರುವುದು ಒಬ್ಬರ ಉಳಿತಾಯ ಬರಿದಾಗಿದೆ, ಇನ್ನೊಬ್ಬರದು ಬಹುಪಾಲು ಹಾಗೇ ಇದೆ ಎಂಬಲ್ಲಿ. 48ನೇ ತಿಂಗಳು ಎಂದರೆ ಈ ಮನೆಯ ದೊಡ್ಡ ಮಗುವಿಗೆ 18 ತುಂಬುವ ಕಾಲ. ಉನ್ನತ ಶಿಕ್ಷಣದ ಶುಲ್ಕ ಕಟ್ಟಬೇಕಾದ ವರ್ಷವೂ ಅದೇ.

ಎರಡನೇ ದಾರಿಗೆ ಹಣಕ್ಕಿಂತ ಹೆಚ್ಚು ಬೇಕಾದ್ದು ಗಂಟೆಗಳು. ಎರಡು ವರ್ಷಕ್ಕೆ 104 ವಾರ ಎಂದು ಹಿಡಿದರೆ ಮೋಸ ಹೋಗುತ್ತೀರಿ. ಮಕ್ಕಳ ಪರೀಕ್ಷೆ, ಜ್ವರ, ಕಾರ್ಖಾನೆಯ ವರ್ಷಾಂತ್ಯದ ಒತ್ತಡ, ತಾಯಿಯ ಆಸ್ಪತ್ರೆ ಓಡಾಟ ಕಳೆದರೆ ವರ್ಷಕ್ಕೆ 40 ವಾರ ಸಿಕ್ಕರೆ ಹೆಚ್ಚು. 80 ವಾರಕ್ಕೆ 640 ಗಂಟೆ. ಪೂರ್ಣಾವಧಿ ಓದುವವರಿಗೆ ವಾರಕ್ಕೆ 30 ಗಂಟೆಯಂತೆ 44 ವಾರಕ್ಕೆ 1320 ಗಂಟೆ ಸಿಗುತ್ತದೆ. ನಿಮಗೆ ಸಿಗುವುದು ಅದರ ಅರ್ಧ. ಹಾಗಾಗಿ ಅವರು ಕಲಿಯುವಷ್ಟನ್ನೆಲ್ಲ ಕಲಿಯುವ ಯೋಜನೆ ಹಾಕಬೇಡಿ. ಪಠ್ಯವನ್ನು ಮೊದಲೇ ಅರ್ಧಕ್ಕೆ ಕತ್ತರಿಸಬೇಕು.

ಯಾವುದನ್ನು ಕತ್ತರಿಸುವುದು? ನಿಮಗೆ ಬೇಕಾದ ಹುದ್ದೆಯ 30 ಜಾಹೀರಾತುಗಳನ್ನು ಒಂದೆಡೆ ಸೇರಿಸಿ, ಪ್ರತಿಯೊಂದರಲ್ಲಿ ಕೇಳಿರುವ ಕೌಶಲಗಳ ಮುಂದೆ ಗೆರೆ ಹಾಕುತ್ತಾ ಹೋಗಿ. ನಮ್ಮ ಉದಾಹರಣೆಯಲ್ಲಿ 24ರಲ್ಲಿ ಡೇಟಾ ಸಂಗ್ರಹದಿಂದ ಬೇಕಾದ್ದನ್ನು ಹೆಕ್ಕಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್, 21ರಲ್ಲಿ ಎಕ್ಸೆಲ್, 19ರಲ್ಲಿ ಮುಖ್ಯ ಅಂಕಿಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಮಾಡುವುದು, 17ರಲ್ಲಿ ಬೇರೆ ವಿಭಾಗದವರಿಗೆ ವಿವರಿಸಿ ಹೇಳುವುದು, 11ರಲ್ಲಿ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ ಇತ್ತು ಎಂದುಕೊಳ್ಳೋಣ. ಅರ್ಧಕ್ಕಿಂತ ಹೆಚ್ಚು ಜಾಹೀರಾತುಗಳಲ್ಲಿ ಬಂದಿರುವುದು ಬೇಕೇಬೇಕು. ಉಳಿದದ್ದು ಕೆಲಸ ಸಿಕ್ಕ ಮೇಲೆ. ಈ ಪಟ್ಟಿಯ ನಾಲ್ಕರಲ್ಲಿ ಎರಡು, ಅಂದರೆ ಎಕ್ಸೆಲ್ ಮತ್ತು ವಿವರಿಸಿ ಹೇಳುವುದು, ಮೇಲ್ವಿಚಾರಕರಿಗೆ ಆಗಲೇ ಗೊತ್ತಿದೆ. 640 ಗಂಟೆಗಳನ್ನು ಎಸ್‌ಕ್ಯೂಎಲ್ ಮತ್ತು ಡ್ಯಾಶ್‌ಬೋರ್ಡಿಗೆ ಮೀಸಲಿಡಬಹುದು.

ವಾರದ ಎಂಟು ಗಂಟೆ ಎಲ್ಲಿಂದ ಬಂತು ಎಂಬುದನ್ನು ಮನೆಯವರೊಡನೆ ಕೂತು ಹೆಸರು ಹಿಡಿದು ಮಾತಾಡಬೇಕು. "ಹೇಗೋ ಹೊಂದಿಸಿಕೊಳ್ಳೋಣ" ಎಂದರೆ ಆ ಎಂಟು ಗಂಟೆ ಹೆಂಡತಿಯ ನಿದ್ದೆಯಿಂದ ಬರುತ್ತದೆ. ಚಿಕ್ಕವನ ಹೋಮ್‌ವರ್ಕ್ ಮಂಗಳವಾರ, ಗುರುವಾರ ಯಾರು ನೋಡುವುದು, ತಾಯಿಯನ್ನು ತಿಂಗಳ ತಪಾಸಣೆಗೆ ಯಾರು ಕರೆದೊಯ್ಯುವುದು, ಅದರ ಬದಲಿಗೆ ಭಾನುವಾರ ಹೆಂಡತಿಗೆ ಪೂರ್ತಿ ಬಿಡುವಿನ ಎಷ್ಟು ಗಂಟೆ ಎಂದು ನಿರ್ಧಾರವಾಗಬೇಕು. ಮೂರು ವಾರ ಸತತವಾಗಿ ನಾಲ್ಕು ಗಂಟೆಗಿಂತ ಕಡಿಮೆ ಸಿಕ್ಕಿದರೆ, ಅದನ್ನು ಮನಸ್ಸಿನ ದೌರ್ಬಲ್ಯ ಎಂದು ತಿಳಿಯಬೇಡಿ. ಮನೆಯ ಏರ್ಪಾಡು ತಪ್ಪಿದೆ ಎಂದು ತಿಳಿದು ಮತ್ತೆ ಕೂತು ಮಾತಾಡಿ, ಇಲ್ಲವೇ ಅವಧಿಯನ್ನು 36 ತಿಂಗಳಿಗೆ ಹಿಗ್ಗಿಸಿ.

ದಾರಿ ಮೂರು: ಪಕ್ಕದ ಹೆಜ್ಜೆ

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ಮಂಡಿಸಿದರು. ಕೆಲಸಗಾರನ ಕಲಿಕೆಯಲ್ಲಿ ಎಲ್ಲಿ ಹೋದರೂ ಬೆಲೆಯಿರುವ ಭಾಗವೊಂದು, ಅದೇ ಸಂಸ್ಥೆಯಲ್ಲಿ ಮಾತ್ರ ಬೆಲೆಯಿರುವ ಭಾಗ ಇನ್ನೊಂದು. ಹದಿನೆಂಟು ವರ್ಷ ಒಂದೇ ಕಡೆ ಇದ್ದವರಲ್ಲಿ ಎರಡನೆಯದು ಬಹಳ ಬೆಳೆದಿರುತ್ತದೆ. ಯಾವ ಯಂತ್ರ ಮಳೆಗಾಲದಲ್ಲಿ ಕೈಕೊಡುತ್ತದೆ, ಯಾರಿಗೆ ಫೋನ್ ಮಾಡಿದರೆ ಬಿಡಿಭಾಗ ಬೇಗ ಬರುತ್ತದೆ ಎಂಬ ತಿಳಿವಳಿಕೆಗೂ ಈಗಿನ ಸಂಬಳದಲ್ಲಿ ಪಾಲಿದೆ. ಗೇಟು ದಾಟಿದರೆ ಅದಕ್ಕೆ ಕಾಸು ಸಿಗದು. ವೃತ್ತಿ ಬದಲಿಸಿದಾಗ ಸಂಬಳ ಇಳಿಯುವುದಕ್ಕೆ ಇದು ದೊಡ್ಡ ಕಾರಣ.

ಆದ್ದರಿಂದ ಕೆಲಸದ ಬಗೆ ಮತ್ತು ಉದ್ಯಮ ಎರಡನ್ನೂ ಒಟ್ಟಿಗೆ ಬದಲಿಸಿದಾಗ ಹಳ್ಳ ಅತಿ ಆಳ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬದಲಿಸಿದರೆ ಹಳೆಯ ಅನುಭವದ ಅರ್ಧವಾದರೂ ಚಲಾವಣೆಯಲ್ಲಿರುತ್ತದೆ. ನಮ್ಮ ಮೇಲ್ವಿಚಾರಕರು ಅದೇ ಕಾರ್ಖಾನೆಯ ಉತ್ಪಾದನಾ ಯೋಜನೆ ಅಥವಾ ಪೂರೈಕೆ ವಿಭಾಗಕ್ಕೆ ವಿಶ್ಲೇಷಕರಾಗಿ ಹೋದರೆ ಸಂಬಳ 95 ಆಗಬಹುದು. ಅಲ್ಲಿ ಎರಡು ವರ್ಷ ಕಳೆದ ಮೇಲೆ, ಅದೇ ಬಗೆಯ ಕೆಲಸಕ್ಕೆ ಬೇರೆ ಉದ್ಯಮಕ್ಕೆ ಹೋಗುವಾಗ ಇನ್ನೊಂದು ವರ್ಷ 95. ಶುಲ್ಕ 40, ಮೂರು ವರ್ಷಗಳ ಕೊರತೆ 180, ಒಟ್ಟು 220 ಪಾಲು. ಎರಡು ತಿಂಗಳ ಸಂಬಳಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

| | ಬಿಟ್ಟು ಓದುವುದು | ಇದ್ದುಕೊಂಡೇ ಕಲಿಯುವುದು | ಪಕ್ಕದ ಹೆಜ್ಜೆ |
|---|---|---|---|
| ಹಳ್ಳದ ಗಾತ್ರ | 2960 ಪಾಲು | 790 ಪಾಲು | 220 ಪಾಲು |
| ಮೊದಲ ಹೊಸ ಕೆಲಸ | 18ನೇ ತಿಂಗಳು | 26ನೇ ತಿಂಗಳು | ಸುಮಾರು 7ನೇ ತಿಂಗಳು |
| ಮನೆಯ ಮೇಲಿನ ಭಾರ | ಹಣ | ಸಮಯ | ಕಡಿಮೆ |
| ಕೈಕೊಡುವುದು ಎಲ್ಲಿ | ಹುಡುಕಾಟ ಉದ್ದವಾದಾಗ | ಗಂಟೆಗಳು ಸಿಗದಾಗ | ಜಾಗ ಖಾಲಿ ಇಲ್ಲದಾಗ |

ಅಂಕಿ ನೋಡಿದರೆ ಮೂರನೆಯದೇ ಸರಿ ಅನಿಸುತ್ತದೆ. ಆದರೆ ಇದರ ಕೀಲಿ ನಿಮ್ಮ ಕೈಯಲ್ಲಿಲ್ಲ. ಆ ವಿಭಾಗದಲ್ಲಿ ಜಾಗ ಇರಬೇಕು, ಈಗಿನ ಮೇಲಧಿಕಾರಿ ಬಿಟ್ಟುಕೊಡಬೇಕು. ಕೆಲಸದಲ್ಲಿ ಚೆನ್ನಾಗಿರುವವರನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರುವುದಿಲ್ಲ. ಆದ್ದರಿಂದ ವರ್ಗಾವಣೆ ಕೇಳುವ ಮೊದಲು ಎರಡು ಕೆಲಸ ಆಗಿರಬೇಕು. ನಿಮ್ಮ ಶಿಫ್ಟ್ ನಡೆಸಬಲ್ಲ ಒಬ್ಬರನ್ನು ತಯಾರು ಮಾಡಿರಬೇಕು. ಮತ್ತು ಆ ವಿಭಾಗಕ್ಕೆ ಉಪಯೋಗವಾಗುವ ಒಂದು ವಸ್ತುವನ್ನು ಕೊಟ್ಟಿರಬೇಕು. ಉದಾಹರಣೆಗೆ, ಆರು ತಿಂಗಳ ಯಂತ್ರ ನಿಲುಗಡೆಯ ದಾಖಲೆಗಳನ್ನು ಒಟ್ಟುಹಾಕಿ, ಯಾವ ಕಾರಣಕ್ಕೆ ಎಷ್ಟು ಗಂಟೆ ಹೋಯಿತು ಎಂದು ತೋರಿಸುವ ಒಂದು ಪುಟದ ವರದಿಯನ್ನು ಮೂರು ತಿಂಗಳು ತಪ್ಪದೆ ಯೋಜನಾ ವಿಭಾಗಕ್ಕೆ ಕಳಿಸುವುದು. ನಾಲ್ಕನೇ ತಿಂಗಳು ವರದಿ ಬರದಿದ್ದಾಗ ಅವರೇ ಕೇಳಿದರೆ, ನಿಮ್ಮ ಕೆಲಸಕ್ಕೆ ಅಲ್ಲಿ ಬೇಡಿಕೆ ಇದೆ ಎಂದರ್ಥ. ಯಾರೂ ಕೇಳದಿದ್ದರೆ ವರದಿಯ ವಿಷಯ ಬದಲಿಸಿ ನೋಡಬೇಕು.

ವರ್ಗಾವಣೆ ಸಿಕ್ಕಾಗ ಹುದ್ದೆಯ ಹೆಸರು ಕಾಗದದ ಮೇಲೆ ಬದಲಾಗಲೇಬೇಕು. ಕೆಲಸ ವಿಶ್ಲೇಷಕರದ್ದು, ಪತ್ರದಲ್ಲಿ ಮಾತ್ರ "ಮೇಲ್ವಿಚಾರಕ" ಎಂದಿದ್ದರೆ ಎರಡು ವರ್ಷದ ನಂತರ ಹೊರಗೆ ಅರ್ಜಿ ಹಾಕುವಾಗ ನೀವು ಇದ್ದಲ್ಲಿಯೇ ಇದ್ದೀರಿ. ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ಸರಿ, ಈ ಒಂದು ಪದವನ್ನು ಬಿಡಬೇಡಿ.

ಅನುಭವವನ್ನು ಬೇರೆಯವರಿಗೆ ಅರ್ಥವಾಗುವಂತೆ ಬರೆಯುವುದು

ಯಾವ ದಾರಿ ಹಿಡಿದರೂ ಹಳೆಯ ಕೌಶಲ ಹೊಸ ಕಡೆ ನಡೆಯುವುದೇ ಎಂದು ಪರೀಕ್ಷಿಸಲು ಮೂರು ಪ್ರಶ್ನೆ ಸಾಕು. ಆ ಕೌಶಲ ಜಾಹೀರಾತುಗಳ ಪಟ್ಟಿಯಲ್ಲಿ ಇದೆಯೇ? ಅದಕ್ಕೆ ಅಂಕಿಯ ಪುರಾವೆ ಕೊಡಬಲ್ಲಿರಾ? ನಿಮ್ಮ ಕಾರ್ಖಾನೆಯ ಹೆಸರು, ಒಳಗಿನ ಪದಗಳನ್ನು ತೆಗೆದು ಹಾಕಿದರೂ ವಾಕ್ಯಕ್ಕೆ ಅರ್ಥ ಉಳಿಯುತ್ತದೆಯೇ?

"18 ವರ್ಷಗಳ ಉತ್ಪಾದನಾ ಅನುಭವ, ತಂಡ ನಿರ್ವಹಣೆಯಲ್ಲಿ ಪರಿಣತಿ" ಎಂಬ ಸಾಲು ಮೊದಲ ಪ್ರಶ್ನೆಯನ್ನೇ ದಾಟುವುದಿಲ್ಲ. "ಮೂರು ಶಿಫ್ಟ್‌ಗಳ ನಿಲುಗಡೆ ದಾಖಲೆ ವಿಶ್ಲೇಷಿಸಿ ಮುಖ್ಯ ಕಾರಣ ಪತ್ತೆ ಮಾಡಿದೆ, ಬಿಡಿಭಾಗ ಬದಲಿಸುವ ವೇಳಾಪಟ್ಟಿ ತಿದ್ದಿದ ಮೇಲೆ ತಿಂಗಳ ನಿಲುಗಡೆ 40 ಗಂಟೆಯಿಂದ 26ಕ್ಕೆ ಇಳಿಯಿತು" ಎಂಬುದು ಮೂರನ್ನೂ ದಾಟುತ್ತದೆ. ಮನುಷ್ಯ ಅದೇ, ಕೆಲಸ ಅದೇ. ರೆಸ್ಯೂಮೆಯ ಮೊದಲ ಅರ್ಧ ಪುಟದಲ್ಲಿ ಇಂಥ ನಾಲ್ಕು ಸಾಲು ಬರಲಿ, ಹುದ್ದೆಗಳ ಇತಿಹಾಸ ಅದರ ಕೆಳಗೆ ಹೋಗಲಿ. ಅರ್ಜಿ ಹಾಕಿದ ಇಪ್ಪತ್ತರಲ್ಲಿ ಒಂದಕ್ಕೂ ಕರೆ ಬರದಿದ್ದರೆ ತೊಂದರೆ ಹೆಚ್ಚಾಗಿ ಈ ಅರ್ಧ ಪುಟದಲ್ಲಿದೆ. ಸಂದರ್ಶನದವರೆಗೆ ಹೋಗಿ ಮರಳುತ್ತಿದ್ದರೆ, ತೋರಿಸಲು ಮಾಡಿದ ಕೆಲಸ ಇಲ್ಲ ಎಂದು ಊಹಿಸಬಹುದು.

ರಾಜೀನಾಮೆಗೆ ಮುಂಚೆ

ಕೆಲವು ಕೆಲಸಗಳು ಸಂಬಳದ ಚೀಟಿ ಕೈಯಲ್ಲಿರುವಾಗ ಮಾತ್ರ ಸುಲಭ. ಸಾಲದ ಅವಧಿ ಹಿಗ್ಗಿಸಿ ಕಂತು ಇಳಿಸಿಕೊಳ್ಳಬೇಕಿದ್ದರೆ ಈಗಲೇ ಕೇಳಿ. ಸಾಲ ಕೊಟ್ಟವರು ನೋಡುವುದು ಸ್ಥಿರ ಆದಾಯದ ಪುರಾವೆಯನ್ನು, ರಾಜೀನಾಮೆಯ ನಂತರ ಅದು ಇರುವುದಿಲ್ಲ. ಕುಟುಂಬದ ಆರೋಗ್ಯ ವಿಮೆ ಸಂಸ್ಥೆಯ ಕಡೆಯಿಂದ ಬಂದಿದ್ದರೆ ಅದು ಯಾವ ದಿನ ನಿಲ್ಲುತ್ತದೆ ಎಂದು ತಿಳಿದುಕೊಳ್ಳಿ. ಸ್ವಂತ ವಿಮೆಗಳಲ್ಲಿ ಈಗಾಗಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇರುವುದು ಸಾಮಾನ್ಯ. ತಾಯಿಗೆ ಮಧುಮೇಹ ಇರುವ ಮನೆಯಲ್ಲಿ ಈ ಒಂದು ಅಂಶವೇ ದಾರಿಯನ್ನು ತೀರ್ಮಾನಿಸಬಹುದು.

ಹೊಸ ಸಂಬಳದಲ್ಲಿ ಬದುಕಬಹುದು ಎಂದು ಊಹಿಸುವುದಕ್ಕಿಂತ ಬದುಕಿ ನೋಡುವುದು ಒಳ್ಳೆಯದು. ಮೂರು ತಿಂಗಳು ಮನೆಯನ್ನು 105 ಪಾಲಿನಲ್ಲಿ, ಅಂದರೆ ಮೊದಲ ದಾರಿಯ 65 ಮತ್ತು ಹೆಂಡತಿಯ 40ರಲ್ಲಿ ನಡೆಸಿ. ಉಳಿದ 35ನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ. ಮೂರನೇ ತಿಂಗಳು ಆ ಖಾತೆಗೆ ಕೈ ಹಾಕಬೇಕಾಗಿ ಬಂದರೆ ನಿಮ್ಮ "ಕಡಿಮೆ ಮಾಡಬಹುದಾದ" ಖರ್ಚಿನಲ್ಲಿ ಕಡಿಮೆ ಮಾಡಲಾಗದ್ದು ಸೇರಿಕೊಂಡಿದೆ.

ಈ ಮನೆಯ ಮಟ್ಟಿಗೆ

ನಮ್ಮ ಮೇಲ್ವಿಚಾರಕರಿಗೆ ಮೊದಲು ಮೂರನೇ ದಾರಿಯನ್ನು ಪ್ರಯತ್ನಿಸುವುದು ಸರಿ, ಆದರೆ ಅದಕ್ಕೊಂದು ಗಡುವು ಇರಬೇಕು. ಒಂಬತ್ತು ತಿಂಗಳು. ಅಷ್ಟರಲ್ಲಿ ಆಗಬೇಕಾದ ತಯಾರಿ ಎಸ್‌ಕ್ಯೂಎಲ್, ಒಂದು ಪುಟದ ವರದಿ, ಶಿಫ್ಟ್‌ಗೆ ಬದಲಿ ವ್ಯಕ್ತಿ. ಇದರಲ್ಲಿ ಮೊದಲೆರಡು ಎರಡನೇ ದಾರಿಗೂ ಬೇಕಾದವೇ. ವರ್ಗಾವಣೆ ಸಿಗದಿದ್ದರೆ ಹತ್ತನೇ ತಿಂಗಳಿಂದ ಎರಡನೇ ದಾರಿಯಲ್ಲಿ ನಡೆಯುತ್ತಿರುತ್ತಾರೆ, ಹಿಂದಿನ ಗಂಟೆಗಳು ವ್ಯರ್ಥವಾಗಿರುವುದಿಲ್ಲ. ಮೊದಲ ದಾರಿ ಇವರಿಗೆ ಬೇಡ, ಏಕೆಂದರೆ ಈ ಕ್ಷೇತ್ರಕ್ಕೆ ಪರವಾನಗಿಯ ಅಗತ್ಯವಿಲ್ಲ, ಹಣವೂ 435 ಪಾಲು ಕಡಿಮೆ ಇದೆ.

ಗಂಡ ಹೆಂಡತಿ ಇಬ್ಬರೂ ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದು ಇಟ್ಟುಕೊಳ್ಳಬೇಕು. ವರ್ಗಾವಣೆಗೆ ಕಾಯುವ ಕೊನೆಯ ತಿಂಗಳು. ಉಳಿತಾಯ ಯಾವ ಅಂಕಿಗಿಂತ ಕೆಳಗೆ ಇಳಿದರೆ ಪ್ರಯತ್ನ ನಿಲ್ಲಿಸಿ ಹಳೆಯ ಕೆಲಸದಲ್ಲೇ ಇರುವುದು, ಇಲ್ಲಿ 510 ಪಾಲು, ತಪ್ಪಿಸಲಾಗದ ಖರ್ಚಿನ ಆರು ತಿಂಗಳು. ಮತ್ತು ದೊಡ್ಡ ಮಗುವಿನ ಶುಲ್ಕಕ್ಕೆ ಬೇರೆಯಾಗಿ ಇಟ್ಟ, ಯಾವ ಕಾರಣಕ್ಕೂ ಮುಟ್ಟದ ಮೊತ್ತ. ಆ ಹಾಳೆಯನ್ನು ಮೂರು ತಿಂಗಳಿಗೊಮ್ಮೆ ತೆಗೆದು, ಖಾತೆಯ ಅಂಕಿಯನ್ನು ಪಕ್ಕದಲ್ಲಿ ಬರೆಯುತ್ತಾ ಹೋಗುವುದು.